ಅತ್ತೆಯ ನೋಟ್‌ಬುಕ್ಕಿನ ಒಡವೆ ಶೀಟಿಗೆ ಬಂದಾಗ

ನಮ್ಮ ಮನೆಯಲ್ಲಿ ಒಡವೆ ಕೊಳ್ಳುವುದು ಕಾಫಿ ದುಡ್ಡು ಬಂದ ಮೇಲೆ. ಅತ್ತೆ-ಮಾವನ ತೋಟ ಸಕಲೇಶಪುರದ ಕಡೆ. ರೊಬಸ್ಟಾ ಕುಯ್ದು, ಒಣಗಿಸಿ, ಮಾರುವ ಹೊತ್ತಿಗೆ ಫೆಬ್ರವರಿಯೋ ಮಾರ್ಚೋ ಆಗಿರುತ್ತದೆ. ಆಳುಗಳ ಬಟವಾಡೆ, ಗೊಬ್ಬರದ ಅಂಗಡಿ ಬಾಕಿ ಎಲ್ಲ ಕಳೆದು ಉಳಿದರೆ ಅತ್ತೆ ಹಾಸನಕ್ಕೆ ಬರುತ್ತಾರೆ. ನಮ್ಮ ಮನೆಯಲ್ಲಿ ಊಟ ಮಾಡಿ, ನನ್ನನ್ನು ಕರೆದುಕೊಂಡು ಒಡವೆ ಅಂಗಡಿಗೆ ಹೋಗುತ್ತಾರೆ. ವಾಪಸ್ ಬಂದ ಮೇಲೆ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆದು, ಬಿಲ್ಲನ್ನು ಅದರೊಳಗೇ ಮಡಚಿ ಇಡುತ್ತಾರೆ.

ಮಾವನಿಗೆ ಇಬ್ಬರು ಗಂಡುಮಕ್ಕಳು. ಆಸ್ತಿ ಪತ್ರಗಳನ್ನೆಲ್ಲ ಸರಿ ಮಾಡಿಸುತ್ತಿದ್ದಾಗ ಒಡವೆಯ ಮಾತೂ ಬಂತು. ಒಟ್ಟು ಎಷ್ಟು ದುಡ್ಡು ಹಾಕಿದ್ದೇವೆ, ಗ್ರಾಂಗೆ ಎಷ್ಟು ಬಿದ್ದಿದೆ, ಈಗ ಎಷ್ಟಾಗುತ್ತದೆ? ಅವರು ಕೇಳಿದ್ದು ಇಷ್ಟೇ. ನನಗೆ ಆಫೀಸಿನಲ್ಲಿ ಎಕ್ಸೆಲ್ ಕೆಲಸ ಇರುವುದರಿಂದ ಇದು ನನ್ನ ತಲೆಗೆ ಬಂತು. ಅತ್ತೆ ನೋಟ್‌ಬುಕ್ ಕೊಡುವಾಗ, "ಅದ್ನೆಲ್ಲ ಕಂಪ್ಯೂಟರಿಗೆ ಹಾಕಿ ಏನ್ ಮಾಡ್ತೀಯ ಮಗ, ನನ್ಗೆ ಎಲ್ಲಾ ನೆನಪೈತೆ" ಅಂದರು. ನಿಜಕ್ಕೂ ನೆನಪಿತ್ತು. ಯಾವ ವರ್ಷ ಮಳೆ ಜಾಸ್ತಿಯಾಗಿ ಕಾಫಿ ಉದುರಿತು, ಆ ವರ್ಷ ಏನೂ ಕೊಳ್ಳಲಿಲ್ಲ ಎಂಬುದೂ ನೆನಪಿತ್ತು.

ಎಲ್ಲ ಒಡವೆಯನ್ನೂ ಇಲ್ಲಿ ಹೇಳುವುದಿಲ್ಲ. ಲೆಕ್ಕ ಅರ್ಥವಾಗಲು ಮೂರು ಸಾಕು. ಮೊತ್ತಗಳನ್ನು ಸ್ವಲ್ಪ ಸರಿದೂಗಿಸಿದ್ದೇನೆ.

2012ರಲ್ಲಿ ಕೊಂಡ ಸರ, 22 ಕ್ಯಾರೆಟ್, 24 ಗ್ರಾಂ, ಬಿಲ್ಲು 68,000 ರೂಪಾಯಿ. 2018ರಲ್ಲಿ ಕೊಂಡ ಒಂದು ಜೊತೆ ಬಳೆ, 22 ಕ್ಯಾರೆಟ್, 30 ಗ್ರಾಂ, ಬಿಲ್ಲು 96,870. 2021ರಲ್ಲಿ ಕೊಂಡ ನಾಣ್ಯ, 24 ಕ್ಯಾರೆಟ್, 10 ಗ್ರಾಂ, ಬಿಲ್ಲು 47,895.

ನನಗಿಂತ ಮೊದಲು ನನ್ನ ಮೈದುನ ಮೊಬೈಲಿನಲ್ಲೇ ಒಂದು ಶೀಟ್ ಮಾಡಿದ್ದ. ತೂಕ ಕೂಡಿದ, 64 ಗ್ರಾಂ ಬಂತು. ಪೇಪರಿನಲ್ಲಿ ಬಂದ 24 ಕ್ಯಾರೆಟ್ ದರದಿಂದ ಗುಣಿಸಿದ. ದರ ಗ್ರಾಂಗೆ 12,000 ಅಂತ ಇಟ್ಟುಕೊಳ್ಳೋಣ, ಲೆಕ್ಕಕ್ಕೆ ಸುಲಭ. ಅವನ ಪ್ರಕಾರ ಒಟ್ಟು 7,68,000. ಆದರೆ 22 ಕ್ಯಾರೆಟ್ ಅಂದರೆ ಸಾವಿರಕ್ಕೆ 916 ಪಾಲು ಮಾತ್ರ ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ. ಸರ, ಬಳೆ, ನಾಣ್ಯ ಮೂರನ್ನೂ ಅಪ್ಪಟ ಚಿನ್ನಕ್ಕೆ ಇಳಿಸಿದರೆ 21.98, 27.48, 9.99. ಕೂಡಿದರೆ 59.45 ಗ್ರಾಂ. ಬೆಲೆ 7,13,400ರ ಹತ್ತಿರ. ಐವತ್ತನಾಲ್ಕು ಸಾವಿರದಷ್ಟು ಇಲ್ಲದ ದುಡ್ಡು ಅವನ ಶೀಟಿನಲ್ಲಿತ್ತು.

ಹಾಗಾಗಿ ನಾನು ಸರಾಸರಿಯನ್ನು ಒಡವೆಯ ಗ್ರಾಂ ಮೇಲೆ ತೆಗೆಯಲೇ ಇಲ್ಲ. ಅಪ್ಪಟ ಚಿನ್ನದ ಗ್ರಾಂ ಮೇಲೆ ತೆಗೆದೆ. ಆಗ ನಾಣ್ಯ, ಸರ, 18 ಕ್ಯಾರೆಟ್ಟಿನ ಕಲ್ಲಿನ ಓಲೆ ಎಲ್ಲವೂ ಒಂದೇ ಅಳತೆಗೆ ಬರುತ್ತವೆ. ಶೀಟಿನ ಕಾಲಂ ಹೀಗಿವೆ: A ತಾರೀಖು, B ಒಡವೆ, C ಯಾರ ಹತ್ತಿರ ಇದೆ, D ನೆಟ್ ತೂಕ, E ಶುದ್ಧತೆ (916, 750, 999), F ಅಪ್ಪಟ ಗ್ರಾಂ, G ಕೊಟ್ಟ ಒಟ್ಟು ದುಡ್ಡು, H ಸ್ಥಿತಿ. ಸ್ಥಿತಿಯಲ್ಲಿ ಎರಡೇ ಪದ, "ಇದೆ" ಅಥವಾ "ಹೋಗಿದೆ".

```
F2:  =D2*E2/1000
ಸರಾಸರಿ:  =SUMIFS(G2:G100,H2:H100,"ಇದೆ")/SUMIFS(F2:F100,H2:H100,"ಇದೆ")
```

ಇಲ್ಲಿ `AVERAGE` ಹಾಕಬಾರದು. ಅದು 24 ಗ್ರಾಂ ಸರದ ದರಕ್ಕೂ 2 ಗ್ರಾಂ ಉಂಗುರದ ದರಕ್ಕೂ ಒಂದೇ ಮಹತ್ವ ಕೊಡುತ್ತದೆ. ಒಟ್ಟು ದುಡ್ಡನ್ನು ಒಟ್ಟು ಗ್ರಾಂನಿಂದ ಭಾಗಿಸಿದರೆ ಮಾತ್ರ ನಿಜವಾದ ಸರಾಸರಿ. ನಮ್ಮ ಮೂರು ಒಡವೆಗೆ 2,12,765 ಭಾಗಿಸು 59.45, ಅಂದರೆ ಅಪ್ಪಟ ಗ್ರಾಂಗೆ ಸುಮಾರು 3,579 ರೂಪಾಯಿ.

G ಕಾಲಂನಲ್ಲಿ ಬಿಲ್ಲಿನ ಕೊನೆಯ ಮೊತ್ತವನ್ನೇ ಹಾಕಬೇಕು. ವೇಸ್ಟೇಜು, ಮಜೂರಿ, ತೆರಿಗೆ ಎಲ್ಲ ಸೇರಿದ್ದು. ಬಳೆಯ ಬಿಲ್ಲಿನಲ್ಲಿ ಗ್ರಾಂಗೆ 2,850ರಂತೆ ಚಿನ್ನದ ಬೆಲೆ 85,500. ವೇಸ್ಟೇಜು 10 ಪರ್ಸೆಂಟ್. ಅದರ ಮೇಲೆ 3 ಪರ್ಸೆಂಟ್ ಜಿಎಸ್‌ಟಿ. ಹೀಗೆ 96,870 ಆಗಿದೆ. ಚಿನ್ನದ ಬೆಲೆಯನ್ನಷ್ಟೇ ಬರೆದರೆ ಲಾಭ ಚೆಂದ ಕಾಣುತ್ತದೆ, ಆದರೆ ಜೇಬಿನಿಂದ ಹೋದದ್ದು 96,870 ಅಲ್ವಾ?

ತೂಕದಲ್ಲೂ ಎಚ್ಚರ ಬೇಕಾಯಿತು. ಬಿಲ್ಲಿನಲ್ಲಿ ಗ್ರಾಸ್, ನೆಟ್ ಎಂದು ಎರಡು ತೂಕ ಇರುತ್ತವೆ. ಕಲ್ಲು, ಮುತ್ತು, ಕರಿಮಣಿ ಸೇರಿದ್ದು ಗ್ರಾಸ್. ಶೀಟಿಗೆ ಬೇಕಾದ್ದು ನೆಟ್. ಅತ್ತೆಯ ಕರಿಮಣಿ ಸರ ನೋಟ್‌ಬುಕ್ಕಿನಲ್ಲಿ ಬರೀ ಒಂದೇ ತೂಕದಲ್ಲಿತ್ತು. ಮನೆಯಲ್ಲಿ ಮಣಿ ಬಿಚ್ಚುವಂತಿಲ್ಲ, ಅದಕ್ಕೆ ಅವರು ಒಪ್ಪುವವರೂ ಅಲ್ಲ. ಬಿಲ್ಲು ಸಿಕ್ಕ ಮೇಲೆ ನೆಟ್ ತೂಕ ತಿಳಿಯಿತು. ಟೊಳ್ಳು ಗುಂಡಿನ ಸರಗಳಲ್ಲಿ ಇನ್ನೊಂದು ತರಲೆ. ಒಳಗೆ ಅರಗು ತುಂಬಿರುತ್ತದೆ. ತಕ್ಕಡಿಗೆ ಅರಗೂ ಚಿನ್ನವೂ ಒಂದೇ.

ಅಂಗಡಿಯವರು ಬರೆಯುವ ಹಾಗೆ G ಕಾಲಂನಲ್ಲಿ "68,000/-" ಎಂದು ಹಾಕಿದರೆ ಶೀಟ್ ಅದನ್ನು ಅಕ್ಷರ ಅಂದುಕೊಳ್ಳುತ್ತದೆ. ಎರರ್ ಕೊಡುವುದಿಲ್ಲ, ಸುಮ್ನೆ ಬಿಟ್ಟು ಕೂಡುತ್ತದೆ. ಖರ್ಚು ಕಡಿಮೆ, ಗ್ರಾಂ ಪೂರ್ತಿ, ಸರಾಸರಿ ಪಾತಾಳಕ್ಕೆ. ಅಂಕಿ ಸೆಲ್ಲಿನ ಬಲಕ್ಕೆ ಒತ್ತಿಕೊಂಡಿದ್ದರೆ ಅದು ಅಂಕಿ, ಎಡಕ್ಕೆ ನಿಂತಿದ್ದರೆ ಅಕ್ಷರ. ಹಾಗೇ "ಇದೆ" ಎಂಬ ಪದದ ಹಿಂದೆ ಒಂದು ಖಾಲಿ ಜಾಗ ಬಿದ್ದರೂ ಆ ಒಡವೆ ಲೆಕ್ಕದಿಂದಲೇ ಮಾಯ. ಅದಕ್ಕೆ H ಕಾಲಂಗೆ ಡ್ರಾಪ್‌ಡೌನ್ ಹಾಕಿಟ್ಟೆ, ಮೈದುನನೂ ಅದರಲ್ಲಿ ಆರಿಸಬೇಕು, ಟೈಪ್ ಮಾಡುವಂತಿಲ್ಲ.

ಇಲ್ಲಿವರೆಗೆ ಸುಲಭ. ಕಷ್ಟ ಶುರುವಾದದ್ದು ನೋಟ್‌ಬುಕ್ಕಿನ ಈ ಸಾಲಿನಲ್ಲಿ: "2024 ಜನವರಿ. ಬಳೆ ಕೊಟ್ಟು ಹಾರ ತಂದಿದ್ದು. 1,01,635 ಕೊಟ್ಟಿದೆ."

ಹಳೇ ಚಿನ್ನ ಕೊಟ್ಟು ಹೊಸದು ತರುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ಅದನ್ನು ಶೀಟಿನಲ್ಲಿ ಹೇಗೆ ಬರೆಯುವುದು? ಮೈದುನನ ಶೀಟಿನಲ್ಲಿ ಹಾರ 40 ಗ್ರಾಂ, ಖರ್ಚು 1,01,635 ಅಂತ ಹೊಸ ಸಾಲು ಇತ್ತು. ಬಳೆಯ ಸಾಲೂ ಹಾಗೇ ಇತ್ತು. ಇಲ್ಲದ ಬಳೆ ಲೆಕ್ಕದಲ್ಲಿ ಉಳಿದುಬಿಟ್ಟಿತ್ತು. ಬಳೆಯ ಸಾಲನ್ನು ಅಳಿಸಿದರೂ ಸರಿಹೋಗುವುದಿಲ್ಲ. ಆಗ ಹಾರದ 36.64 ಅಪ್ಪಟ ಗ್ರಾಂ ಬರೀ 1,01,635ಕ್ಕೆ ಬಂದ ಹಾಗೆ, ಅಂದರೆ ಗ್ರಾಂಗೆ 2,774. 2024ರಲ್ಲಿ ಆ ದರಕ್ಕೆ ಯಾರು ಕೊಡುತ್ತಾರೆ? ಬಳೆಗೆ ಹಾಕಿದ್ದ 96,870 ಎಲ್ಲೋ ಬಿದ್ದುಹೋಗಿದೆ ಎಂಬುದಕ್ಕೆ ಆ ದರವೇ ಸಾಕ್ಷಿ.

ಹಾರದ ಬಿಲ್ಲನ್ನು ಬಿಡಿಸಿ ಓದಿದೆ. 22 ಕ್ಯಾರೆಟ್ ದರ ಗ್ರಾಂಗೆ 5,800. ಹಾರ ನೆಟ್ 40 ಗ್ರಾಂ, ಚಿನ್ನದ ಬೆಲೆ 2,32,000. ವೇಸ್ಟೇಜು 12 ಪರ್ಸೆಂಟ್, 27,840. ಜಿಎಸ್‌ಟಿ 7,795. ಒಟ್ಟು 2,67,635. ಇದರಲ್ಲಿ ಹಳೇ ಬಳೆಯ ಬಾಬ್ತು 1,66,000 ಕಳೆದು, ಉಳಿದ 1,01,635 ಅತ್ತೆ ಕೊಟ್ಟಿದ್ದು. ಗಮನಿಸಿ, ಜಿಎಸ್‌ಟಿ ಹಾಕಿರುವುದು ಹಾರದ ಪೂರ್ತಿ ಬೆಲೆಯ ಮೇಲೆ, ಕೊಟ್ಟ ನಗದಿನ ಮೇಲಲ್ಲ.

ಬಳೆಗೆ 30 ಗ್ರಾಂನ ಬೆಲೆ ಸಿಕ್ಕಿರಲಿಲ್ಲ. ಬಿಲ್ಲಿನ ಜೊತೆ ಪಿನ್ ಹೊಡೆದಿದ್ದ ಚೀಟಿಯಲ್ಲಿ ತೂಕ 29.8, ಟಚ್ 88 ಎಂದಿತ್ತು. ಅಂದರೆ ನಾವು 916 ಅಂದುಕೊಂಡಿದ್ದ ಬಳೆ ನೂರಕ್ಕೆ 88 ಮಾತ್ರ ಚಿನ್ನ. 2018ರಲ್ಲಿ ಹಾಲ್‌ಮಾರ್ಕ್ ಕಡ್ಡಾಯ ಇರಲಿಲ್ಲ. ಅದು ಹಂತ ಹಂತವಾಗಿ ಬಂದದ್ದು 2021ರ ಜೂನ್‌ನಿಂದ. ಹಳೇ ಒಡವೆಯಲ್ಲಿ ಬೆಸುಗೆ ಜಾಸ್ತಿ ಇದ್ದರೂ ಟಚ್ ಇಳಿಯುತ್ತದೆ. ಹೇಗೂ ಅಪ್ಪಟ ಚಿನ್ನ 26.22 ಗ್ರಾಂ, ನನ್ನ ಶೀಟಿನಲ್ಲಿದ್ದ 27.48 ಅಲ್ಲ. ಆಮೇಲೆ ಶುದ್ಧತೆ ಕಾಲಂನ ಪಕ್ಕ "ಪರೀಕ್ಷೆ ಆಗಿದೆಯಾ" ಅಂತ ಇನ್ನೊಂದು ಕಾಲಂ ಸೇರಿಸಿದೆ. ಹಾಲ್‌ಮಾರ್ಕ್ ಇದ್ದರೆ ಅದರ ಆರು ಅಕ್ಷರ-ಅಂಕಿಯ ಎಚ್‌ಯುಐಡಿ ಅಲ್ಲೇ ಬರೆಯುತ್ತೇನೆ. ಅದನ್ನು ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿದರೆ ಒಡವೆಯ ಶುದ್ಧತೆ ತೋರಿಸುತ್ತದೆ. ಹಾಲ್‌ಮಾರ್ಕ್ ಇಲ್ಲದ ಒಡವೆಗಳ ಸಾಲು ಹಳದಿ ಬಣ್ಣದಲ್ಲಿವೆ. ಹಳದಿ ಸಾಲಿನ ಬೆಲೆಯನ್ನು ನಾನು ಪೂರ್ತಿ ನಂಬುವುದಿಲ್ಲ.

ಕೊನೆಗೆ ಬದಲಾವಣೆಯನ್ನು ಎರಡು ವ್ಯವಹಾರ ಅಂತ ಬರೆದೆ. ಮೊದಲನೆಯದು, ಬಳೆ ಮಾರಿದ್ದು. ಅದರ ಸ್ಥಿತಿ "ಹೋಗಿದೆ", ಬಂದದ್ದು 1,66,000, ಹಾಕಿದ್ದು 96,870, ಕೈಗೆ ಬಂದ ಲಾಭ 69,130. ಎರಡನೆಯದು, ಹಾರ ಕೊಂಡದ್ದು, ಖರ್ಚು ಪೂರ್ತಿ 2,67,635. ಒಟ್ಟು ಸರಾಸರಿಯಿಂದ ಬಳೆಯ ಖರ್ಚು ಕಳೆಯಲು ಹೋಗಲಿಲ್ಲ. ಕೊಟ್ಟದ್ದು ಯಾವ ಬಳೆ, ಅದರ ಬಿಲ್ಲು ಯಾವುದು ಎಂದು ಗೊತ್ತಿರುವಾಗ ಅದರ ಸ್ವಂತ ಖರ್ಚನ್ನೇ ಹಿಡಿಯುವುದು ಸರಿ. ತೆರಿಗೆ ಲೆಕ್ಕದಲ್ಲೂ ಒಡವೆ ಬದಲಾಯಿಸುವುದು ಮಾರಿದ ಹಾಗೆಯೇ. ಕಾಫಿಯ ಆದಾಯಕ್ಕೂ ಒಡವೆಯ ಲಾಭಕ್ಕೂ ನಿಯಮ ಬೇರೆ. ಆಡಿಟರ್ ಕೇಳಿದರೆ ತೋರಿಸಲು ಈ ಎರಡು ಸಾಲು ಬೇಕೇ ಬೇಕು.

ಈಗ ಉಳಿದದ್ದು ಸರ, ನಾಣ್ಯ, ಹಾರ. ಅಪ್ಪಟ 68.61 ಗ್ರಾಂ, ಖರ್ಚು 3,83,530. ಸರಾಸರಿ ಗ್ರಾಂಗೆ 5,590. ಒಂದೇ ಸಲಕ್ಕೆ 3,579ರಿಂದ 5,590ಕ್ಕೆ ಜಿಗಿಯಿತು. ಮಾವ ಇದನ್ನು ನೋಡಿ, "ಏನಮ್ಮ ಇದು, ಇಷ್ಟ್ ದುಡ್ಡು ನಾವ್ ಹಾಕೇ ಇಲ್ವಲ್ಲ" ಅಂದರು. ಅವರ ಮಾತೂ ಸರಿಯೇ. ಮನೆಯಿಂದ ನಿಜವಾಗಿ ಹೋದ ದುಡ್ಡು ಮೂರು ಹಳೇ ಬಿಲ್ಲು ಮತ್ತು 1,01,635, ಒಟ್ಟು 3,14,400. ಅದರ ಪ್ರಕಾರ ಸರಾಸರಿ 4,582.

ಎರಡನ್ನೂ ಇಟ್ಟುಕೊಂಡೆ. ಒಂದಕ್ಕೆ "ಬಿಲ್ ಲೆಕ್ಕ", ಇನ್ನೊಂದಕ್ಕೆ "ಮನೆ ಲೆಕ್ಕ" ಅಂತ ಹೆಸರು. ಇವು ತಾಳೆಯಾಗುತ್ತವೋ ನೋಡಲು ಒಂದು ದಾರಿ ಇದೆ. ಈಗಿನ ಬೆಲೆ 12,000ದಂತೆ 8,23,368. ಅಂಗಡಿಗೆ ಕೊಟ್ಟರೆ ಇಷ್ಟು ಸಿಗುವುದಿಲ್ಲ, ಕರಗಿಸಿದ್ದಕ್ಕೆ ಅಂತ ಕಡಿತ ಇರುತ್ತದೆ. ಅಂಗಡಿಯಿಂದ ಅಂಗಡಿಗೆ ಅದು ಬೇರೆ, ನಾನು 3 ಪರ್ಸೆಂಟ್ ಇಟ್ಟಿದ್ದೇನೆ. ಆಗ 7,98,667. ಮನೆ ಲೆಕ್ಕದಲ್ಲಿ ಇದರಿಂದ 3,14,400 ಕಳೆದರೆ ಲಾಭ 4,84,267. ಬಿಲ್ ಲೆಕ್ಕದಲ್ಲಿ 3,83,530 ಕಳೆದರೆ 4,15,137, ಅದಕ್ಕೆ ಬಳೆಯಲ್ಲಿ ಆಗಲೇ ಬಂದ 69,130 ಕೂಡಿದರೆ ಮತ್ತೆ 4,84,267. ಎರಡೂ ಒಂದೇ ಬರಬೇಕು. ಬರದಿದ್ದರೆ ಎಲ್ಲೋ ಒಂದು ಬದಲಾವಣೆಯನ್ನು ಅರ್ಧ ಬರೆದಿದ್ದೇವೆ ಅಂತ ಅರ್ಥ. ಈಗ ಶೀಟಿನ ಮೇಲ್ಗಡೆ ಆ ಎರಡರ ವ್ಯತ್ಯಾಸ ತೋರಿಸುವ ಸೆಲ್ ಇದೆ. ಸೊನ್ನೆ ಇದ್ದರೆ ನೆಮ್ಮದಿ.

ದರವನ್ನು ನಾನು ಕೈಯಾರೆ ಹಾಕುತ್ತೇನೆ, ತಿಂಗಳಿಗೊಮ್ಮೆ, ಒಂದೇ ಸೆಲ್ಲಿನಲ್ಲಿ. ಮೈದುನ ಅಂತರರಾಷ್ಟ್ರೀಯ ದರ ತಾನಾಗೇ ಬರುವ ಹಾಗೆ ಮಾಡೋಣ ಅಂದ. ಔನ್ಸಿಗೆ ಇಷ್ಟು ಡಾಲರ್ ಅಂತ ಬರುವುದನ್ನು 31.1035ರಿಂದ ಭಾಗಿಸಿ ರೂಪಾಯಿಗೆ ತಿರುಗಿಸಬಹುದು, ನಿಜ. ಆದರೆ ಅದರಲ್ಲಿ ನಮ್ಮ ಆಮದು ಸುಂಕ ಇರುವುದಿಲ್ಲ. 2024ರ ಜುಲೈ 23ರ ಬಜೆಟ್‌ನಲ್ಲಿ ಆ ಸುಂಕ 15ರಿಂದ 6 ಪರ್ಸೆಂಟಿಗೆ ಇಳಿದಾಗ ಇಲ್ಲಿಯ ದರ ಕೂಡಲೇ ಬಿತ್ತು. ಡಾಲರ್ ಲೆಕ್ಕದ ಶೀಟಿಗೆ ಅದು ಗೊತ್ತಾಗುತ್ತಲೇ ಇರಲಿಲ್ಲ. ಇನ್ನು ಪೇಪರಿನಲ್ಲಿ ಒಂದು ದಿನ 22 ಕ್ಯಾರೆಟ್ ದರ, ಇನ್ನೊಂದು ದಿನ 24ರದ್ದು ನೋಡಿ ಹಾಕಿದರೆ ಬೆಲೆ ಸುಮ್ಮನೆ ಏರುಪೇರಾಗುತ್ತದೆ. ಆ ಸೆಲ್ಲಿನ ಪಕ್ಕ "24 ಮಾತ್ರ, ಜಿಎಸ್‌ಟಿ ಬಿಟ್ಟು" ಅಂತ ಕೆಂಪಕ್ಷರದಲ್ಲಿ ಬರೆದಿದ್ದೇನೆ.

ಅತ್ತೆಯ ತವರಿನಿಂದ ಬಂದ ಒಡವೆ ಬೇರೆ ಹಾಳೆಯಲ್ಲಿದೆ. ಅದಕ್ಕೆ ಬಿಲ್ಲಿಲ್ಲ. ಖರ್ಚು ಸೊನ್ನೆ ಎಂದು ಹಾಕಿದರೆ ಇಡೀ ಮನೆಯ ಸರಾಸರಿ ಕುಸಿಯುತ್ತದೆ, ಲಾಭ ಉಬ್ಬುತ್ತದೆ. ತೂಕವೂ ತೊಲದಲ್ಲಿದೆ. ಹಳೇ ತೊಲ 11.66 ಗ್ರಾಂ, ಈಗ ಎಷ್ಟೋ ಜನ ಬಾಯಿಮಾತಿಗೆ 10 ಗ್ರಾಂಗೇ ತೊಲ ಅನ್ನುತ್ತಾರೆ. ಬರೆದಿದ್ದನ್ನು ನಂಬದೆ ಮತ್ತೆ ತೂಗಿಸಿದೆವು. ಆ ಹಾಳೆಯಲ್ಲಿ ತೂಕ, ಈಗಿನ ಬೆಲೆ ಎರಡೇ ಇವೆ. ಲಾಭದ ಕಾಲಂ ಇಲ್ಲ.

ಶೀಟ್ ಮುಗಿದ ಮೇಲೆ ನಾನು ಹೆಚ್ಚು ನೋಡಿದ್ದು ಲಾಭವನ್ನಲ್ಲ, ಹಾರದ ಆ ವ್ಯವಹಾರವನ್ನು. ಬರಹದ ಪ್ರಕಾರ ನಮ್ಮ ಅಪ್ಪಟ ಚಿನ್ನ 27.48ರಿಂದ 36.64ಕ್ಕೆ ಏರಿತು, 9.16 ಗ್ರಾಂ ಜಾಸ್ತಿ. ಅದಕ್ಕೆ ಕೊಟ್ಟ ನಗದು 1,01,635. ಗ್ರಾಂಗೆ 11,095 ಬಿತ್ತು. ಆ ದಿನ ಅಪ್ಪಟ ಚಿನ್ನದ ದರ 6,332. ವೇಸ್ಟೇಜಿಗೆ 27,840, ತೆರಿಗೆಗೆ 7,795, ಟಚ್ ಮತ್ತು ತೂಕದಲ್ಲಿ ಹೋದದ್ದು ಎಂಟು ಸಾವಿರದ ಹತ್ತಿರ. ಹೊಸ ಚಿನ್ನ 9 ಗ್ರಾಂ, ಆದರೆ ವೇಸ್ಟೇಜು ಕಟ್ಟಿದ್ದು 40 ಗ್ರಾಂಗೆ. ಆಮೇಲೆ ದರ ಏರಿದ್ದರಿಂದ ಇದು ಮುಚ್ಚಿಹೋಗಿದೆ ಅಷ್ಟೇ.

ಅದಕ್ಕಾಗಿ "ಬದಲಾವಣೆ" ಅಂತ ಒಂದು ಹಾಳೆ ಮಾಡಿದೆ. ಅಂಗಡಿಗೆ ಹೋಗುವ ಮುಂಚೆಯೇ ತುಂಬುವುದು. ಹಳೇದರ ತೂಕ, ಟಚ್, ಹೊಸದರ ತೂಕ, ವೇಸ್ಟೇಜು ಹಾಕಿದರೆ ಕೆಳಗೆ ಒಂದೇ ಅಂಕಿ ಬರುತ್ತದೆ, ಜಾಸ್ತಿ ಬರುವ ಪ್ರತಿ ಅಪ್ಪಟ ಗ್ರಾಂಗೆ ನಗದು ಎಷ್ಟು ಎಂದು.

```
=ಕೊಡುವ_ನಗದು/(ಹೊಸ_ಅಪ್ಪಟ-ಹಳೆ_ಅಪ್ಪಟ)
```

ಶೀಟಿನಲ್ಲಿ ಆ ಹೆಸರುಗಳ ಜಾಗದಲ್ಲಿ ಸೆಲ್ಲಿನ ವಿಳಾಸ ಇದೆ. ಮೈದುನನ ಮದುವೆಗೆ ಹಳೇ ಸರ ಕೊಟ್ಟು 32 ಗ್ರಾಂನ ಹೊಸ ಸರ ತರುವ ಮಾತು ಬಂದಾಗ ಇದನ್ನು ತುಂಬಿದೆವು. ಸರವನ್ನು ಮೊದಲೇ ಟಚ್ ಮಾಡಿಸಿದ್ದೆವು, 916 ಸರಿಯಿತ್ತು. ಅಂಗಡಿಯವರು ಹೇಳಿದ ವೇಸ್ಟೇಜು 14 ಪರ್ಸೆಂಟ್. ಗ್ರಾಂಗೆ ಸುಮಾರು 20,400 ಅಂತ ತೋರಿಸಿತು, ದರ 12,000 ಇರುವಾಗ. ಅತ್ತೆ ಕನ್ನಡಕ ಹಾಕಿಕೊಂಡು ಆ ಅಂಕಿಯನ್ನು ನೋಡಿದರು. "ವೇಸ್ಟೇಜು ಒಂಬತ್ತು ಹಾಕಿ ನೋಡು" ಅಂದರು. 17,900 ಬಂತು. ಮಾರನೇ ದಿನ ಅಂಗಡಿಯಲ್ಲಿ ಅತ್ತೆ ಒಂಬತ್ತಕ್ಕೇ ನಿಂತರು, ಅವರು ಹತ್ತಕ್ಕೆ ಬಂದರು. ಸರ ತಂದೆವು, ಹುಡುಗಿಗೆ ಹಳೇ ಸರ ಹಾಕಲಾಗುವುದಿಲ್ಲ ಅಂತ ಅತ್ತೆ ಮೊದಲೇ ಹೇಳಿದ್ದರು. ಆಟೋದಲ್ಲಿ ಕೂತು ನಾನು ಹಳೇ ಸರದ ಸಾಲಿಗೆ "ಹೋಗಿದೆ" ಅಂತ ಹಾಕಿದೆ. ಅತ್ತೆ ಪಕ್ಕದಲ್ಲೇ ಬಿಲ್ಲು ಹಿಡಿದುಕೊಂಡು, ನೆಟ್ ತೂಕ ಓದಿ ಹೇಳಿದರು.